ಕೊಡಗಿನ ಹೋಮ್‌ಸ್ಟೇ ಕೇಸ್ ಸ್ಟಡಿಗೆ ಕ್ಯಾಪ್ಷನ್: ಒಪ್ಪಿಗೆ ತಗೊಂಡು, ಲೆಕ್ಕ ತಪ್ಪದೆ ಬರೆಯೋದು ಹೇಗೆ

"ಎರಡೇ ತಿಂಗಳಲ್ಲಿ ಬುಕಿಂಗ್ 371% ಏರಿಕೆ! ನಿಮ್ಮ ಹೋಮ್‌ಸ್ಟೇಗೂ ಬೇಕಾ? ಮೆಸೇಜ್ ಮಾಡಿ."

ಇಂಥ ಕ್ಯಾಪ್ಷನ್ ನವೆಂಬರ್ ಹೊತ್ತಿಗೆ ಒಂದಲ್ಲ ಒಂದು ಕಡೆ ಕಾಣುತ್ತದೆ. ಬೆಂಗಳೂರಿನವರು ಓದಿದರೆ ಹುಬ್ಬೇರಿಸಬಹುದು. ಮಡಿಕೇರಿಯಲ್ಲಿ ಹೋಮ್‌ಸ್ಟೇ ನಡೆಸುವವರು ಓದಿದರೆ ನಕ್ಕುಬಿಡುತ್ತಾರೆ. ಆಗಸ್ಟ್‌ನಲ್ಲಿ ಜಡಿಮಳೆ, ಅಕ್ಟೋಬರ್‌ನಲ್ಲಿ ದಸರಾ. ಏನೂ ಮಾಡದೆ ಸುಮ್ನೆ ಕೂತರೂ ಅಕ್ಟೋಬರ್‌ನಲ್ಲಿ ರೂಮು ತುಂಬುತ್ತದೆ ಅನ್ನೋದು ಅವರಿಗೆ ಗೊತ್ತು. ಹೋಮ್‌ಸ್ಟೇಗಳಿಗೆ ಆನ್‌ಲೈನ್ ಪ್ರಚಾರ ಮಾಡಿಕೊಡುವ ಫ್ರೀಲಾನ್ಸರ್‌ಗೆ ಮುಂದಿನ ಕ್ಲೈಂಟ್ ಆಗಬೇಕಾದವರು ಇದೇ ಜನ. ಆದ್ದರಿಂದ ನಿಮ್ಮ ಕ್ಯಾಪ್ಷನ್ ಪಕ್ಕದ ಎಸ್ಟೇಟಿನ ಹೋಮ್‌ಸ್ಟೇಯವರು ಓದಿ, "ಹೌದು, ಲೆಕ್ಕ ಸರಿ ಇದೆ" ಅನ್ನುವ ಹಾಗಿರಬೇಕು.

ಒಂದೇ ಉದಾಹರಣೆ ಹಿಡಿದು ಕೊನೆತನಕ ಹೋಗೋಣ. ಕಕ್ಕಬ್ಬೆ ಕಡೆಯ ಒಂದು ಹೋಮ್‌ಸ್ಟೇ, ನಾಲ್ಕು ರೂಮು, ಮನೆಯ ಹೆಂಗಸರೇ ನಡೆಸುತ್ತಾರೆ. ಈ ಹೋಮ್‌ಸ್ಟೇಯೂ ಅದರ ಅಂಕಿಗಳೂ ವಿವರಣೆಗೆ ಅಂತ ನಾನು ಕಟ್ಟಿದವು, ಯಾರ ನಿಜವಾದ ಲೆಕ್ಕವೂ ಅಲ್ಲ. ಹಬ್ಬದ ತಾರೀಖುಗಳು ಮಾತ್ರ ನಿಜವಾದವು. ಫ್ರೀಲಾನ್ಸರ್ 2025ರ ಸೆಪ್ಟೆಂಬರ್ 1ಕ್ಕೆ ಕೆಲಸ ಶುರು ಮಾಡಿದ್ದಾರೆ, ನವೆಂಬರ್ ಕೊನೆಗೆ ಮೂರು ತಿಂಗಳಾಗಿದೆ. ಈಗ ಪೋಸ್ಟ್ ಹಾಕಬೇಕು.

ಮೊದಲು ಏನನ್ನು ಎಣಿಸುತ್ತೀರಿ ಅಂತ ಗಟ್ಟಿ ಮಾಡಿಕೊಳ್ಳಿ

"ಬುಕಿಂಗ್" ಅನ್ನುವ ಮಾತು ಸಡಿಲ. ಒಂದು ಕುಟುಂಬ ಎರಡು ರೂಮು ತಗೊಂಡು ಮೂರು ರಾತ್ರಿ ಉಳಿದರೆ ಅದು ಒಂದು ಬುಕಿಂಗೋ, ಆರೋ? ಹೋಟೆಲಿನವರು ಇದನ್ನು ಆರು ರೂಮ್ ನೈಟ್ ಅಂತ ಲೆಕ್ಕ ಹಾಕುತ್ತಾರೆ. ಹೋಮ್‌ಸ್ಟೇಗೂ ಅದೇ ಒಳ್ಳೆಯ ಅಳತೆ. ಒಂದು ರೂಮಿಗೆ ಒಂದು ರಾತ್ರಿ, ಅಷ್ಟೇ.

ಎಣಿಸುವಾಗ ಬಂದು ಉಳಿದವರನ್ನು ಮಾತ್ರ ಎಣಿಸಿ. ಮಳೆ ಜೋರಾಯಿತು, ಸಂಪಾಜೆ ರಸ್ತೆಯಲ್ಲಿ ಗುಡ್ಡ ಕುಸಿಯಿತು ಅನ್ನುವ ಸುದ್ದಿ ಬಂದರೆ ಸಾಕು, ನಮ್ಮಲ್ಲಿ ಬುಕಿಂಗ್ ರದ್ದಾಗುತ್ತದೆ. ಆಪ್‌ನಲ್ಲಿ ಬಂದ ಒಟ್ಟು ಬುಕಿಂಗ್ ತಗೊಂಡರೆ ರದ್ದಾದವೂ ಅದರೊಳಗೆ ಸೇರಿಬಿಡುತ್ತವೆ. ಹಾಗಾಗಿ ಹೋಮ್‌ಸ್ಟೇಯ ರಿಜಿಸ್ಟರ್ ಪುಸ್ತಕವೇ ಮೂಲ. ಉಳಿದದ್ದೆಲ್ಲ ಅದಕ್ಕೆ ತಾಳೆ ನೋಡೋಕೆ.

ಬೇರೆ ಅಂಕಿಗಳು ಏನನ್ನು ಹೇಳುತ್ತವೆ ಅನ್ನೋದೂ ತಿಳಿದಿರಬೇಕು. ಗೂಗಲ್ ಬಿಸಿನೆಸ್ ಪ್ರೊಫೈಲ್‌ನಲ್ಲಿ Calls ಅಂತ ಕಾಣುವುದು ಕಾಲ್ ಬಟನ್ ಒತ್ತಿದ ಲೆಕ್ಕ. ಮಾತಾಡಿದರೋ ಇಲ್ಲವೋ, ಅದಕ್ಕೆ ಗೊತ್ತಿಲ್ಲ. ಕಕ್ಕಬ್ಬೆಯಲ್ಲಿ ನೆಟ್‌ವರ್ಕ್ ಇಲ್ಲದ ಹೊತ್ತಲ್ಲಿ ಬಟನ್ ಒತ್ತಿದವರು ಯಾರ ಜೊತೆಗೂ ಮಾತಾಡಿರಲ್ಲ, ಅಲ್ವಾ? ಮೆಟಾ ಜಾಹೀರಾತಿನಲ್ಲಿ Messaging conversations started ಅಂದರೆ ವಾಟ್ಸಾಪ್ ಮಾತು ಶುರುವಾದ ಲೆಕ್ಕ. "ರೇಟ್ ಎಷ್ಟು?" ಅಂತ ಕೇಳಿ ಕಾಣೆಯಾದವರೂ ಅದರಲ್ಲಿ ಇರುತ್ತಾರೆ. ಇವುಗಳನ್ನು ಹಾಕಬಾರದು ಅಂತಲ್ಲ. ಆದರೆ "ಕಾಲ್ ಬಟನ್ 214 ಸಲ ಒತ್ತಿದರು" ಅಂತ ಬರೆಯಿರಿ, "214 ಗಿರಾಕಿಗಳು ಬಂದರು" ಅಂತ ಬರೆಯಬೇಡಿ.

ಇನ್ನೊಂದು ಮಾತು. ಹಳೆಯ ಅಂಕಿಗಳನ್ನು ಕೆಲಸ ಹಿಡಿದ ದಿನವೇ ತೆಗೆದಿಡಿ: ಹೋದ ವರ್ಷದ ರಿಜಿಸ್ಟರ್ ಪುಟಗಳ ಫೋಟೋ, ಗೂಗಲ್ ಪ್ರೊಫೈಲ್‌ನ ಸ್ಕ್ರೀನ್‌ಶಾಟ್, ಬುಕಿಂಗ್ ಆಪ್‌ನ ತಿಂಗಳ ವರದಿ. ಮೂರು ತಿಂಗಳಾದ ಮೇಲೆ "ಮೊದಲು ಎಷ್ಟಿತ್ತು ಅಕ್ಕಾ?" ಅಂತ ಕೇಳಿದರೆ, "ಇತ್ತು ಸ್ವಲ್ಪ, ಈಗ ಪರವಾಗಿಲ್ಲ" ಅನ್ನೋ ಉತ್ತರ ಸಿಗುತ್ತದೆ. ಅದರಲ್ಲಿ ಕೇಸ್ ಸ್ಟಡಿ ಆಗಲ್ಲ.

ಯಾವುದರ ಜೊತೆ ಹೋಲಿಸುತ್ತೀರಿ ಅನ್ನೋದೇ ಮುಖ್ಯ

ನಮ್ಮ ಹೋಮ್‌ಸ್ಟೇಯ ರಿಜಿಸ್ಟರ್ ಹೀಗಿದೆ ಅಂದುಕೊಳ್ಳಿ. 2025ರ ಆಗಸ್ಟ್‌ನಲ್ಲಿ 14 ರೂಮ್ ನೈಟ್. ಸೆಪ್ಟೆಂಬರ್‌ನಲ್ಲಿ 38, ಅಕ್ಟೋಬರ್‌ನಲ್ಲಿ 66, ನವೆಂಬರ್‌ನಲ್ಲಿ 57. ಆಗಸ್ಟ್‌ನ 14ರಿಂದ ಅಕ್ಟೋಬರ್‌ನ 66ಕ್ಕೆ ಹೋದದ್ದು 371 ಪರ್ಸೆಂಟ್ ಏರಿಕೆ. ಮೇಲಿನ ಕ್ಯಾಪ್ಷನ್ ಹುಟ್ಟಿದ್ದು ಇಲ್ಲಿಂದ. ಲೆಕ್ಕದಲ್ಲಿ ತಪ್ಪೇ ಇಲ್ಲ.

ಈಗ ಹೋದ ವರ್ಷದ ಪುಟ ತಿರುಗಿಸಿ. 2024ರ ಆಗಸ್ಟ್‌ನಲ್ಲಿ 11, ಸೆಪ್ಟೆಂಬರ್‌ನಲ್ಲಿ 27, ಅಕ್ಟೋಬರ್‌ನಲ್ಲಿ 52, ನವೆಂಬರ್‌ನಲ್ಲಿ 39. ಆ ವರ್ಷ ಆಗಸ್ಟ್‌ನಿಂದ ಅಕ್ಟೋಬರ್‌ಗೆ ಆದ ಏರಿಕೆ 373 ಪರ್ಸೆಂಟ್. ಆಗ ಯಾವ ಫ್ರೀಲಾನ್ಸರೂ ಇರಲಿಲ್ಲ. ಮಳೆ ನಿಂತಿತ್ತು, ಅಷ್ಟೇ. ಅಂದರೆ ಆ 371 ಪರ್ಸೆಂಟ್‌ನಲ್ಲಿ ನಿಮ್ಮ ಕೆಲಸದ ಗುರುತೇ ಇಲ್ಲ.

ಕೊಡಗಿನಲ್ಲಿ ಪ್ರವಾಸಕ್ಕೆ ಸಂಬಂಧಪಟ್ಟ ಯಾವ ಲೆಕ್ಕವನ್ನೂ ಹಿಂದಿನ ತಿಂಗಳ ಜೊತೆ ಹೋಲಿಸಬೇಡಿ. ಹೋದ ವರ್ಷದ ಅದೇ ಕಾಲದ ಜೊತೆ ಹೋಲಿಸಿ. ಅದರಲ್ಲೂ ಒಂದು ಗುಂಡಿ ಇದೆ: ಹಬ್ಬಗಳು ಒಂದೇ ತಾರೀಖಿಗೆ ಬರಲ್ಲ. 2024ರಲ್ಲಿ ವಿಜಯದಶಮಿ ಅಕ್ಟೋಬರ್ 12, ಶನಿವಾರ. 2025ರಲ್ಲಿ ಅಕ್ಟೋಬರ್ 2, ಗುರುವಾರ. ಮಡಿಕೇರಿ ದಸರಾದ ದಶಮಂಟಪ ನೋಡೋಕೆ ಬರುವ ಜನ 2024ರಲ್ಲಿ ಅಕ್ಟೋಬರ್ ನಡುವಿನ ಲೆಕ್ಕಕ್ಕೆ ಸೇರಿದರೆ, 2025ರಲ್ಲಿ ಒಂದಷ್ಟು ಜನ ಸೆಪ್ಟೆಂಬರ್ ಕೊನೆಯ ಲೆಕ್ಕಕ್ಕೆ ಸೇರುತ್ತಾರೆ. ದೀಪಾವಳಿಯೂ ಹಾಗೇ. 2024ರಲ್ಲಿ ನರಕ ಚತುರ್ದಶಿ ಅಕ್ಟೋಬರ್ 31ಕ್ಕೆ, ಬಲಿಪಾಡ್ಯಮಿ ನವೆಂಬರ್ 2ಕ್ಕೆ. 2025ರಲ್ಲಿ ಅಕ್ಟೋಬರ್ 20ರಿಂದ 22ರೊಳಗೆ ಮುಗಿದೇ ಹೋಯಿತು. ಹಾಗಾಗಿ ಸೆಪ್ಟೆಂಬರ್‌ಗೆ ಸೆಪ್ಟೆಂಬರ್ ಹೋಲಿಸಿದರೆ ನಿಮಗೆ ಪುಕ್ಕಟೆ ಲಾಭ, ನವೆಂಬರ್‌ಗೆ ನವೆಂಬರ್ ಹೋಲಿಸಿದರೆ ಪುಕ್ಕಟೆ ನಷ್ಟ.

ಇದಕ್ಕೆ ದಾರಿ ಸುಲಭ. ಎರಡೂ ವರ್ಷದ ಎರಡೂ ಹಬ್ಬ ಒಳಗೆ ಬೀಳುವ ಹಾಗೆ ಕಾಲಾವಧಿ ಹಿಡಿಯಿರಿ. ಸೆಪ್ಟೆಂಬರ್ 1ರಿಂದ ನವೆಂಬರ್ 30ರವರೆಗೆ ಒಟ್ಟಿಗೆ ತಗೊಂಡರೆ ಆಯಿತು. 2024ರಲ್ಲಿ 118, 2025ರಲ್ಲಿ 161.

```
(161 − 118) ÷ 118 × 100 = 36.4
```

371 ಎಲ್ಲಿ, 36 ಎಲ್ಲಿ. ಬೇಜಾರಾಗಬೇಡಿ, 36 ಒಳ್ಳೆಯ ಅಂಕಿಯೇ. ನಾಲ್ಕು ರೂಮಿನ ಮನೆಗೆ ಮೂರು ತಿಂಗಳಲ್ಲಿ 43 ರೂಮ್ ನೈಟ್ ಜಾಸ್ತಿ ಅಂದರೆ ಆ ಮನೆಯವರಿಗೆ ಅದು ಕೈಗೆ ಸಿಗುವ ವ್ಯತ್ಯಾಸ.

ಪರ್ಸೆಂಟ್ ಬಗ್ಗೆ ಇನ್ನೆರಡು ಎಚ್ಚರಿಕೆ. 31ರಿಂದ 82 ಆದರೆ ಅದು 2.6 ಪಟ್ಟು ಆಯಿತು, ಏರಿಕೆ 165 ಪರ್ಸೆಂಟ್. ಇದನ್ನು "265% ಏರಿಕೆ" ಅಂತ ಬರೆಯುವವರು ತುಂಬಾ ಜನ. ಇನ್ನೊಂದು, ತುಂಬಿದ ರೂಮಿನ ಪ್ರಮಾಣ. ಮೂರು ತಿಂಗಳಿಗೆ 91 ರಾತ್ರಿ, ನಾಲ್ಕು ರೂಮಿಗೆ 364 ರೂಮ್ ನೈಟ್. ಅದರಲ್ಲಿ 32 ಪರ್ಸೆಂಟ್ ತುಂಬಿದ್ದು 44 ಪರ್ಸೆಂಟ್ ಆಯಿತು. ಒಬ್ಬರು 44ರಿಂದ 32 ಕಳೆದು 12 ಅಂತಾರೆ, ಇನ್ನೊಬ್ಬರು 118ರಿಂದ 161ಕ್ಕೆ ಆದ ಏರಿಕೆ ಹಿಡಿದು 36 ಅಂತಾರೆ. ಈ ಗೊಂದಲಕ್ಕೆ ಮದ್ದು ಒಂದೇ: ಪರ್ಸೆಂಟ್ ಜೊತೆಗೆ ಮೂಲ ಅಂಕಿ ಎರಡನ್ನೂ ಬರೆಯಿರಿ. ಮೂಲ ಅಂಕಿ ಮೂವತ್ತಕ್ಕಿಂತ ಕಡಿಮೆ ಇದ್ದರೆ ನಾನಂತೂ ಪರ್ಸೆಂಟ್ ಬರೆಯೋದೇ ಇಲ್ಲ. "4ರಿಂದ 12" ಅಂದರೆ ಎಲ್ಲರಿಗೂ ಅರ್ಥವಾಗುತ್ತದೆ, "200%" ಅಂದರೆ ಏನೋ ದೊಡ್ಡದಾಗಿ ಕೇಳುತ್ತದೆ.

ಅದರಲ್ಲಿ ನಿಮ್ಮ ಪಾಲು ಎಷ್ಟು?

ಈಗ 161ನ್ನು ಒಡೆಯೋಣ. 2024ರ 118ರಲ್ಲಿ 87 ಬುಕಿಂಗ್ ಆಪ್‌ಗಳಿಂದ, 31 ನೇರವಾಗಿ ಫೋನ್ ಅಥವಾ ವಾಟ್ಸಾಪ್‌ನಲ್ಲಿ. 2025ರ 161ರಲ್ಲಿ 79 ಆಪ್‌ಗಳಿಂದ, 82 ನೇರವಾಗಿ. ನೇರ ಬುಕಿಂಗ್‌ನ ರೂಮ್ ನೈಟ್ 51 ಜಾಸ್ತಿಯಾಗಿದೆ, ಆಪ್‌ನದು 8 ಇಳಿದಿದೆ. ಆಪ್‌ನಲ್ಲೇ ಬರುತ್ತಿದ್ದ ಕೆಲವರು ಈಗ ನೇರವಾಗಿ ಬಂದಿರಬಹುದು. ಅದರಿಂದ ಕಮಿಷನ್ ಉಳಿಯುತ್ತದೆ, ಅದೂ ಲಾಭವೇ. ಆದರೆ ಹೊಸ ಗಿರಾಕಿ ಅಂತ ಎಣಿಸೋ ಹಾಗಿಲ್ಲ. "ನೇರ ಬುಕಿಂಗ್‌ನ ರೂಮ್ ನೈಟ್ 31ರಿಂದ 82ಕ್ಕೆ" ಅಂತ ಬರೆದರೆ ಪಕ್ಕದಲ್ಲೇ "ಒಟ್ಟು 118ರಿಂದ 161ಕ್ಕೆ" ಅಂತಲೂ ಇರಬೇಕು. ಇಲ್ಲದಿದ್ದರೆ ಇಡೀ ವ್ಯಾಪಾರವೇ 2.6 ಪಟ್ಟು ಆಯಿತು ಅಂತ ಓದುವವರು ತಿಳಿಯುತ್ತಾರೆ.

ನೇರವಾಗಿ ಬಂದ ಆ 82 ರೂಮ್ ನೈಟೂ ನಿಮ್ಮಿಂದಲೇ ಬಂದದ್ದಲ್ಲ. ಇದನ್ನು ತಿಳಿಯೋಕೆ ಯಾವ ಸಾಫ್ಟ್‌ವೇರೂ ಬೇಡ. ರಿಜಿಸ್ಟರ್‌ನಲ್ಲಿ ಒಂದು ಕಾಲಂ ಹಾಕಿಸಿ: "ನಮ್ಮ ಬಗ್ಗೆ ಹೇಗೆ ಗೊತ್ತಾಯ್ತು?" ಬಂದವರು ಕಾಫಿ ಕುಡಿಯುತ್ತಾ ಕೂತಾಗ ಕೇಳಿ ಬರೆದುಕೊಂಡರೆ ಸಾಕು. ನಮ್ಮ ಉದಾಹರಣೆಯಲ್ಲಿ 82ರಲ್ಲಿ 47 ರೂಮ್ ನೈಟ್‌ನವರು ಗೂಗಲ್ ಅಥವಾ ಇನ್‌ಸ್ಟಾಗ್ರಾಮ್ ಅಂದರು. 24 ಹಳೆಯ ಗಿರಾಕಿಗಳದ್ದು ಮತ್ತು ಅವರು ಹೇಳಿ ಕಳಿಸಿದವರದ್ದು. 11ಕ್ಕೆ ಕೇಳೋದು ಮರೆತುಹೋಗಿದೆ. ಆ 11ನ್ನು ನಿಮ್ಮ ಲೆಕ್ಕಕ್ಕೆ ಸೇರಿಸಬೇಡಿ, "ಗೊತ್ತಿಲ್ಲ" ಅಂತಲೇ ಬಿಡಿ. ಹೋದ ವರ್ಷ ಈ ಪ್ರಶ್ನೆ ಯಾರಿಗೂ ಕೇಳಿರಲಿಲ್ಲ, ಹಾಗಾಗಿ 47ಕ್ಕೆ ಹೋಲಿಕೆ ಇಲ್ಲ. ಹೋಲಿಕೆ ಇಲ್ಲದ ಅಂಕಿಯಿಂದ "ಏರಿಕೆ" ಅನ್ನುವ ಮಾತು ಹುಟ್ಟಲ್ಲ.

ಮೆಟಾದ ಆಡ್ಸ್ ಮ್ಯಾನೇಜರ್ ಇದಕ್ಕಿಂತ ಜಾಸ್ತಿ ತೋರಿಸಬಹುದು. ಅದರ ಮಾಮೂಲಿ ಸೆಟ್ಟಿಂಗ್‌ನಲ್ಲಿ, ಜಾಹೀರಾತು ಒತ್ತಿ ಏಳು ದಿನದೊಳಗೆ ಆದದ್ದೂ, ಬರೀ ನೋಡಿ ಒಂದು ದಿನದೊಳಗೆ ಆದದ್ದೂ ಜಾಹೀರಾತಿನ ಖಾತೆಗೇ ಹೋಗುತ್ತದೆ. ರಿಜಿಸ್ಟರಿಗೂ ಅದಕ್ಕೂ ಹೊಂದದಿದ್ದರೆ ರಿಜಿಸ್ಟರನ್ನೇ ನಂಬಿ.

ಇನ್ನು ಆ ಮೂರು ತಿಂಗಳಲ್ಲಿ ಬೇರೆ ಏನೇನು ಬದಲಾಯಿತು ಅಂತ ಮನೆಯವರನ್ನು ಕೂರಿಸಿಕೊಂಡು ಕೇಳಿ. ಇಲ್ಲಿ ಅವರು ವಾರದ ದಿನಗಳ ರೇಟನ್ನು 3,500ರಿಂದ 3,000ಕ್ಕೆ ಇಳಿಸಿದ್ದರು. ಅದರಿಂದಲೂ ಜನ ಬಂದಿರುತ್ತಾರೆ. ಅದು ನಿಮ್ಮ ಕೆಲಸವಲ್ಲ, ಮುಚ್ಚಿಡೋ ಹಾಗೂ ಇಲ್ಲ. ಅಕ್ಕಪಕ್ಕದ ಎರಡು ಮೂರು ಹೋಮ್‌ಸ್ಟೇಯವರನ್ನೂ ಮಾತಾಡಿಸಿ. ಈ ಸಲ ಸೀಸನ್ ಎಲ್ಲರಿಗೂ ಚೆನ್ನಾಗಿತ್ತು ಅಂದರೆ, 36ರಲ್ಲಿ ಒಂದು ಪಾಲು ಸೀಸನ್‌ದು. ಎಷ್ಟು ಅಂತ ಅಳೆಯೋಕೆ ಆಗಲ್ಲ, ಹಾಗಂತ ಕ್ಯಾಪ್ಷನ್‌ನಲ್ಲಿ ಹೇಳೋಕೆ ಆಗುತ್ತದೆ.

ಜಾಹೀರಾತಿನ ಖರ್ಚಿನ ವಿಷಯವೂ ಇಲ್ಲೇ ಬರಲಿ. ಮೂರು ತಿಂಗಳಿಗೆ 18,000 ರೂಪಾಯಿ, ಮನೆಯವರೇ ಕೊಟ್ಟದ್ದು. 47 ರೂಮ್ ನೈಟ್‌ಗೆ ಸರಾಸರಿ 3,200 ಹಿಡಿದರೆ 1,50,400. ಭಾಗಿಸಿದರೆ ಎಂಟು ಪಟ್ಟು ಚಿಲ್ಲರೆ ಬರುತ್ತದೆ. "ಹಾಕಿದ ದುಡ್ಡಿಗೆ ಎಂಟು ಪಟ್ಟು ವಾಪಸ್" ಅಂತ ಬರೆಯೋಕೆ ಕೈ ತುರಿಸುತ್ತದೆ. ಬರೆಯಬೇಡಿ. ಆ 47ರಲ್ಲಿ ಗೂಗಲ್ ಮ್ಯಾಪ್ ನೋಡಿ ಪುಕ್ಕಟೆಯಾಗಿ ಬಂದವರೂ ಇದ್ದಾರೆ. ನಿಮ್ಮ ಫೀಸು, ಊಟ ತಿಂಡಿಯ ಖರ್ಚು, ಕೆಲಸದವರ ಸಂಬಳ ಯಾವುದನ್ನೂ ಕಳೆದಿಲ್ಲ. 18,000 ಖರ್ಚಾಯಿತು ಅಂತ ಮಾತ್ರ ಹೇಳಿ.

ಒಪ್ಪಿಗೆ: "ಹಾಕು ಮಾರಾಯ" ಅಂದರೆ ಸಾಲದು

ಕೊಡಗು ಚಿಕ್ಕ ಜಿಲ್ಲೆ. ಹೆಸರು ಹಾಕದೆ "ಕಕ್ಕಬ್ಬೆಯ 4 ರೂಮಿನ ಹೋಮ್‌ಸ್ಟೇ" ಅಂತ ಬರೆದು, ಹಿಂದೆ ತಡಿಯಂಡಮೋಳ್ ಕಾಣುವ ಫೋಟೋ ಹಾಕಿದರೆ ಆ ಕಡೆಯವರಿಗೆ ಯಾರ ಮನೆ ಅಂತ ತಕ್ಷಣ ಗೊತ್ತಾಗುತ್ತದೆ. ರೂಮ್ ನೈಟ್ ಲೆಕ್ಕ ಇದೆ, ರೇಟು ಆಪ್‌ನಲ್ಲಿ ಇದೆ. ಗುಣಿಸಿದರೆ ಆದಾಯ ಹೊರಬಿತ್ತು. ನೆಂಟರು, ಪಕ್ಕದ ತೋಟದವರು, ಕೆಲಸದವರು ಎಲ್ಲರೂ ಓದುತ್ತಾರೆ. ಆದ್ದರಿಂದ ಒಪ್ಪಿಗೆ ಕೇಳುವಾಗ ಒಂದೊಂದನ್ನೂ ಬಿಡಿಸಿ ಕೇಳಬೇಕು. ಹೆಸರು ಹಾಕಬಹುದಾ? ಊರು? ಫೋಟೋ? ರೂಮ್ ನೈಟ್ ಲೆಕ್ಕ? ರೂಪಾಯಿ ಲೆಕ್ಕ? ಒಂದಕ್ಕೆ ಹೌದು ಅಂದವರು ಇನ್ನೊಂದಕ್ಕೆ ಬೇಡ ಅನ್ನಬಹುದು.

ಬಾಯಿಮಾತಿನಲ್ಲಿ ಮುಗಿಸಬೇಡಿ. ಪೂರ್ತಿ ಕ್ಯಾಪ್ಷನ್, ಹಾಕುವ ಚಿತ್ರ ಎರಡನ್ನೂ ಕಳಿಸಿ, ಬರಹದಲ್ಲಿ ಉತ್ತರ ತಗೊಳ್ಳಿ. ವಾಟ್ಸಾಪ್ ಸಾಕು, ಇಮೇಲ್ ಇದ್ದರೆ ಇನ್ನೂ ಒಳ್ಳೆಯದು. ಹೀಗೆ ಬರೆಯಬಹುದು:

"ಅಕ್ಕಾ, ನಮಸ್ಕಾರ. ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ ನಾವು ಮಾಡಿದ ಕೆಲಸದ ಬಗ್ಗೆ ನನ್ನ ಇನ್‌ಸ್ಟಾಗ್ರಾಮ್ ಮತ್ತು ಲಿಂಕ್ಡ್‌ಇನ್‌ನಲ್ಲಿ ಒಂದು ಪೋಸ್ಟ್ ಹಾಕಬೇಕು ಅಂತಿದ್ದೀನಿ. ಬರೆದದ್ದನ್ನೂ ಚಿತ್ರವನ್ನೂ ಕೆಳಗೆ ಕಳಿಸಿದ್ದೀನಿ. ನಿಧಾನಕ್ಕೆ ಓದಿ. ಒಂದೊಂದಕ್ಕೂ ಹೌದು ಅಥವಾ ಬೇಡ ಅಂತ ಹೇಳಿ: 1) ಹೋಮ್‌ಸ್ಟೇ ಹೆಸರು 2) ಊರಿನ ಹೆಸರು 3) ಮನೆಯ ಫೋಟೋ 4) ರೂಮ್ ನೈಟ್ ಲೆಕ್ಕ 5) ರೇಟ್ ಇಳಿಸಿದ ವಿಷಯ 6) ಜಾಹೀರಾತಿನ ಖರ್ಚು. ಅಂಕಿ ಎಲ್ಲಾದರೂ ತಪ್ಪಿದ್ದರೆ ತಿದ್ದಿ. ಈ ಪೋಸ್ಟನ್ನು ಜಾಹೀರಾತಾಗಿ ದುಡ್ಡು ಕೊಟ್ಟು ಓಡಿಸಲ್ಲ, ಓಡಿಸೋದಾದರೆ ಮತ್ತೆ ಕೇಳ್ತೀನಿ. ಮುಂದೆ ಯಾವಾಗ ಬೇಡ ಅನ್ನಿಸಿದರೂ ಹೇಳಿ, ತೆಗೀತೀನಿ. ಬೇಡ ಅಂದರೂ ನಮ್ಮ ಕೆಲಸಕ್ಕೆ ಏನೂ ತೊಂದರೆ ಇಲ್ಲ."

ಕೊನೆಯ ವಾಕ್ಯ ಬಿಡಬೇಡಿ. ಮುಂದಿನ ತಿಂಗಳ ಕೆಲಸ ನಿಮ್ಮ ಕೈಯಲ್ಲೇ ಇರುವಾಗ ದಾಕ್ಷಿಣ್ಯಕ್ಕೆ ಹೂಂ ಅನ್ನುವವರೇ ಜಾಸ್ತಿ. ಕಾಲವನ್ನೂ ನೋಡಿಕೊಳ್ಳಿ. ಡಿಸೆಂಬರ್ ಬಂತೆಂದರೆ ಕಾಫಿ ಕೊಯ್ಲು, ಪುತ್ತರಿ, ಕ್ರಿಸ್ಮಸ್ ರಜೆಯ ಗಿರಾಕಿಗಳು. ಆ ಗಡಿಬಿಡಿಯಲ್ಲಿ ಕಳಿಸಿದ ಥಂಬ್ಸ್ ಅಪ್ ಒಪ್ಪಿಗೆಯಲ್ಲ, ಓದಿಲ್ಲ ಅಂತಲೇ ಅರ್ಥ. ಸ್ವಲ್ಪ ಕಾದು ಇನ್ನೊಮ್ಮೆ ಕೇಳಿ.

ನಮ್ಮ ಉದಾಹರಣೆಯ ಅಕ್ಕ ಹೀಗೆ ಉತ್ತರ ಕೊಟ್ಟರು ಅಂದುಕೊಳ್ಳಿ: "ಹೆಸರು ಬೇಡ, ಊರು ಬೇಡ, ಮನೆ ಫೋಟೋ ಬೇಡ. ಲೆಕ್ಕ ಹಾಕಿ. ರೇಟ್ ಇಳಿಸಿದ್ದು ಹೇಳಬಹುದು, ಆದರೆ ಎಷ್ಟು ಅಂತ ಬೇಡ. ಖರ್ಚು ಹಾಕಿ." ಈಗ "ಕಕ್ಕಬ್ಬೆ" ಹೋಗಿ "ಕೊಡಗಿನ" ಆಗುತ್ತದೆ, ತಡಿಯಂಡಮೋಳ್ ಹೋಗಿ ಬರೀ ಲೆಕ್ಕದ ಚಿತ್ರ ಬರುತ್ತದೆ. ಪೋಸ್ಟ್ ಸ್ವಲ್ಪ ಸಪ್ಪೆಯಾಗುತ್ತದೆ, ನಿಜ.

ಮನೆಯವರ ಒಪ್ಪಿಗೆ ಗಿರಾಕಿಗಳ ಒಪ್ಪಿಗೆಯಲ್ಲ. ವಾಟ್ಸಾಪ್ ಸ್ಕ್ರೀನ್‌ಶಾಟ್‌ನಲ್ಲಿ ಬಂದವರ ಹೆಸರು, ನಂಬರು, ಡಿಪಿ ಇರುತ್ತದೆ. ಅದು ಅವರ ಸ್ವಂತ ಮಾಹಿತಿ, 2023ರ ಡಿಜಿಟಲ್ ವೈಯಕ್ತಿಕ ಡೇಟಾ ರಕ್ಷಣಾ ಕಾಯ್ದೆ ಇರುವುದೇ ಇಂಥದ್ದಕ್ಕೆ. ತೆಳುವಾಗಿ ಬ್ಲರ್ ಮಾಡಿದ ನಂಬರನ್ನು ಕಣ್ಣು ಕಿರಿದು ಮಾಡಿ ಓದಬಹುದು. ಕಪ್ಪು ಪಟ್ಟಿ ಎಳೆಯಿರಿ, ಇಲ್ಲ ಆ ಭಾಗ ಕತ್ತರಿಸಿ. ಫೋನಿನ ಪೆನ್ನಿನಿಂದ ಗೀಚಿದರೆ ಕೆಲವು ಪೆನ್ನುಗಳ ಬಣ್ಣ ಪಾರದರ್ಶಕ, ಬ್ರೈಟ್‌ನೆಸ್ ಜಾಸ್ತಿ ಮಾಡಿದರೆ ಕೆಳಗಿನ ಅಕ್ಷರ ಕಾಣುತ್ತದೆ.

ಮನೆಯವರ ಹೊಗಳಿಕೆಯ ಮಾತು ಹಾಕುವುದಾದರೆ ಅವರು ಹೇಳಿದ ಹಾಗೇ ಹಾಕಿ. ಆ ಮಾತಿಗಾಗಿ ಫೀಸಿನಲ್ಲಿ ರಿಯಾಯಿತಿ ಕೊಟ್ಟಿದ್ದರೆ ಅದನ್ನೂ ಬರೆಯಿರಿ. ನಿಮ್ಮ ಕೇಸ್ ಸ್ಟಡಿ ನಿಮ್ಮ ಕೆಲಸದ ಜಾಹೀರಾತೇ ಅಂತ ಇಟ್ಟುಕೊಳ್ಳಿ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜೂನ್‌ನಲ್ಲಿ ತಂದ ಮಾರ್ಗಸೂಚಿಯಲ್ಲಿ ಇಂಥ ಕೊಡುಕೊಳ್ಳುವಿಕೆ ಇದ್ದರೆ ತಿಳಿಸಬೇಕು ಅಂತ ಇದೆ. ಷರತ್ತಿನ ಸಾಲು ಮುಖ್ಯ ಮಾತಿನ ಭಾಷೆಯಲ್ಲೇ ಇರಬೇಕು ಅಂತಲೂ ಇದೆ. ಕನ್ನಡದಲ್ಲಿ "ಗ್ಯಾರಂಟಿ ಬುಕಿಂಗ್" ಅಂತ ಬರೆದು, ಕೆಳಗೆ ಸಣ್ಣ ಇಂಗ್ಲಿಷ್‌ನಲ್ಲಿ "ಫಲಿತಾಂಶ ಬದಲಾಗಬಹುದು" ಅನ್ನೋದು ನಡೆಯಲ್ಲ.

ಈಗ ಬರೆಯೋದು

ಇನ್‌ಸ್ಟಾಗ್ರಾಮ್‌ನಲ್ಲಿ ಕ್ಯಾಪ್ಷನ್‌ಗೆ 2,200 ಅಕ್ಷರದ ಮಿತಿ, ಲಿಂಕ್ಡ್‌ಇನ್ ಪೋಸ್ಟ್‌ಗೆ 3,000. ಆದರೆ ಇನ್‌ಸ್ಟಾಗ್ರಾಮ್‌ನಲ್ಲಿ ಮಡಚದೆ ಕಾಣುವುದು ಮೊದಲ 125 ಅಕ್ಷರ ಅಷ್ಟೇ, ಹೆಚ್ಚುಕಡಿಮೆ. ಕನ್ನಡದಲ್ಲಿ ಇದು ಇನ್ನೂ ಬೇಗ ಮುಗಿಯುತ್ತದೆ. ಗುಣಿತದ ಗುರುತು, ಒತ್ತಕ್ಷರದ ಅರ್ಧ ಎಲ್ಲ ಬೇರೆ ಬೇರೆ ಎಣಿಕೆ. ನಮ್ಮ ಕಣ್ಣಿಗೆ "ಕ್ಕೆ" ಒಂದಕ್ಷರ, ಕಂಪ್ಯೂಟರಿಗೆ ನಾಲ್ಕು. ಆದ್ದರಿಂದ ಮೊದಲ ಸಾಲಿನಲ್ಲೇ ಅಂಕಿ, ಕಾಲ, ಹೋಲಿಕೆ ಮೂರೂ ಇರಬೇಕು. ಮಡಚಿದ ಭಾಗವನ್ನು ಯಾರೂ ಬಿಡಿಸದಿದ್ದರೂ ಅವರಿಗೆ ಸಿಕ್ಕ ಮಾಹಿತಿ ತಪ್ಪಾಗಿರಬಾರದು.

ಕೆಲಸದ ವಿವರ ಬರೆಯುವಾಗ "ಡಿಜಿಟಲ್ ಸ್ಟ್ರಾಟಜಿ ರೂಪಿಸಿದೆವು" ಅಂತ ಬರೆದರೆ ಹೋಮ್‌ಸ್ಟೇಯವರಿಗೆ ಏನೂ ತಿಳಿಯಲ್ಲ. ನಮ್ಮ ಉದಾಹರಣೆಯಲ್ಲಿ ಮ್ಯಾಪ್‌ನ ಪಿನ್ ಬೆಟ್ಟದ ಆಚೆ ಬದಿಯಲ್ಲಿತ್ತು. ಬಂದವರು ಬೇರೆಯವರ ಎಸ್ಟೇಟ್ ಗೇಟಿನ ಮುಂದೆ ನಿಂತು, ಸಿಗ್ನಲ್ ಹುಡುಕಿ ಫೋನ್ ಮಾಡುತ್ತಿದ್ದರು. ಪ್ರೊಫೈಲ್‌ನಲ್ಲಿ ಇದ್ದದ್ದು ಬಂದ್ ಆದ ಹಳೇ ನಂಬರು. ಇವೆರಡನ್ನು ಸರಿ ಮಾಡಿದ್ದೇ ಮೊದಲ ವಾರದ ಕೆಲಸ. ಹಾಗೇ ಬರೆಯಿರಿ. ಓದಿದವರು ಮೊದಲು ತಮ್ಮ ಪಿನ್ ಎಲ್ಲಿದೆ ಅಂತ ನೋಡಿಕೊಳ್ಳುತ್ತಾರೆ.

ಪೂರ್ತಿ ಕ್ಯಾಪ್ಷನ್ ಹೀಗಾಗುತ್ತದೆ:

> ಕೊಡಗಿನ 4 ರೂಮಿನ ಹೋಮ್‌ಸ್ಟೇ: 3 ತಿಂಗಳಲ್ಲಿ 118 ರೂಮ್ ನೈಟ್ ಇದ್ದದ್ದು 161. ಹೋದ ವರ್ಷದ ಇದೇ ಕಾಲಕ್ಕೆ ಹೋಲಿಸಿದ್ದು.
>
> ಸೆಪ್ಟೆಂಬರ್ 1ರಿಂದ ನವೆಂಬರ್ 30, 2024 ಮತ್ತು 2025. ಎರಡೂ ವರ್ಷದ ದಸರಾ, ದೀಪಾವಳಿ ಒಳಗೇ ಇವೆ. ಮಳೆಗಾಲದ ಜೊತೆ ಹೋಲಿಸಿಲ್ಲ. ಬಂದು ಉಳಿದವರ ಲೆಕ್ಕ ಮಾತ್ರ, ರದ್ದಾದವು ಸೇರಿಲ್ಲ.
>
> ನೇರವಾಗಿ ಫೋನ್, ವಾಟ್ಸಾಪ್‌ನಲ್ಲಿ ಬಂದದ್ದು: 31 ಇದ್ದದ್ದು 82.
> ಬುಕಿಂಗ್ ಆಪ್‌ಗಳಿಂದ: 87 ಇದ್ದದ್ದು 79.
>
> ನಾನು ಮಾಡಿದ್ದು: ಗೂಗಲ್ ಮ್ಯಾಪ್‌ನಲ್ಲಿ ತಪ್ಪು ಜಾಗದಲ್ಲಿದ್ದ ಪಿನ್, ಹಳೇ ಫೋನ್ ನಂಬರ್ ಸರಿ ಮಾಡಿದೆ. ರೂಮು, ಬಾತ್‌ರೂಮು, ಊಟದ ಹೊಸ ಫೋಟೋ ಹಾಕಿದೆ. ವಾಟ್ಸಾಪ್ ಬಿಸಿನೆಸ್‌ನಲ್ಲಿ ರೇಟು, ದಾರಿ, ಊಟದ ವಿವರಕ್ಕೆ ಸಿದ್ಧ ಉತ್ತರ ಇಟ್ಟುಕೊಟ್ಟೆ. ಜಾಹೀರಾತಿಗೆ ಮೂರು ತಿಂಗಳಲ್ಲಿ ₹18,000 ಖರ್ಚಾಯಿತು, ಅದು ಮನೆಯವರದ್ದು. ನನ್ನ ಫೀಸು ಬೇರೆ.
>
> ಎಲ್ಲವೂ ನನ್ನಿಂದಲೇ ಆದದ್ದಲ್ಲ. ನೇರವಾಗಿ ಬಂದ 82ರಲ್ಲಿ 47 ಗೂಗಲ್ ಅಥವಾ ಇನ್‌ಸ್ಟಾಗ್ರಾಮ್ ನೋಡಿ ಬಂದವರದ್ದು, 24 ಹಳೆಯ ಗಿರಾಕಿಗಳು ಮತ್ತು ಅವರ ಪರಿಚಯದವರದ್ದು. 11 ಗೊತ್ತಿಲ್ಲ. ಇದೇ ಸಮಯದಲ್ಲಿ ಮನೆಯವರು ವಾರದ ದಿನಗಳ ರೇಟನ್ನೂ ಇಳಿಸಿದ್ದರು. ಯಾವುದರಿಂದ ಎಷ್ಟು ಅಂತ ಬೇರೆ ಮಾಡಿ ಹೇಳೋಕೆ ಆಗಲ್ಲ.
>
> ಪಿನ್, ನಂಬರ್ ಮೊದಲೇ ಸರಿ ಇರುವ ಹೋಮ್‌ಸ್ಟೇಗೆ ಇಷ್ಟು ವ್ಯತ್ಯಾಸ ಬರದೇ ಇರಬಹುದು.
>
> ಅಂಕಿಗಳು ಹೋಮ್‌ಸ್ಟೇಯ ರಿಜಿಸ್ಟರ್‌ನಿಂದ. ಮನೆಯವರು ಈ ಬರಹ ಓದಿ, ಬರಹದಲ್ಲಿ ಒಪ್ಪಿಗೆ ಕೊಟ್ಟಿದ್ದಾರೆ. ಅವರ ಇಷ್ಟದಂತೆ ಹೆಸರು, ಊರು ಹಾಕಿಲ್ಲ.
>
> ನಿಮ್ಮ ಹೋಮ್‌ಸ್ಟೇಯ ಪಿನ್ ಸರಿ ಜಾಗದಲ್ಲಿದೆಯಾ ಅಂತ ನೋಡಬೇಕಿದ್ದರೆ ಮೆಸೇಜ್ ಮಾಡಿ.

ಮೊದಲ ಸಾಲಿಗೆ 31ರಿಂದ 82 ಯಾಕೆ ತಗೊಳ್ಳಲಿಲ್ಲ ಅಂತ ಕೇಳಬಹುದು. ಅದು ನೋಡೋಕೆ ದೊಡ್ಡದು, ಸುಳ್ಳೂ ಅಲ್ಲ. ಆದರೆ ಮಡಚದೆ ಕಾಣುವ ಸಾಲಿನಲ್ಲಿ ಒಟ್ಟು ಲೆಕ್ಕವೂ ಹಿಡಿಸಲ್ಲ, ಓದಿದವರು 2.6 ಪಟ್ಟು ವ್ಯಾಪಾರ ಅಂದುಕೊಂಡೇ ಮುಂದೆ ಹೋಗುತ್ತಾರೆ. ಒಟ್ಟು ಲೆಕ್ಕ ಮೇಲಿಟ್ಟರೆ ಆ ಭಯವಿಲ್ಲ. "ಯಾವುದರಿಂದ ಎಷ್ಟು" ಅನ್ನುವ ಸಾಲನ್ನು ಕೊನೆಗೆ ತಳ್ಳದೆ ನಡುವೆ ಇಟ್ಟದ್ದೂ ಬೇಕಂತಲೇ. ಎಂಥ ಕಡೆ ವ್ಯತ್ಯಾಸ ಕಡಿಮೆ ಬರುತ್ತದೆ ಅಂತ ಕಾರಣ ಸಮೇತ ಹೇಳಿದ್ದರಿಂದ, "ಫಲಿತಾಂಶ ಬದಲಾಗಬಹುದು" ಅನ್ನುವ ಸವಕಲು ಸಾಲು ಬೇಕಾಗಲಿಲ್ಲ.

ಚಿತ್ರ

ಕ್ಯಾಪ್ಷನ್ ಸರಿ ಇದ್ದು ಚಿತ್ರ ಸುಳ್ಳು ಹೇಳಿದರೆ ಪ್ರಯೋಜನವಿಲ್ಲ. ಕಂಬದ ಗ್ರಾಫ್ ಹಾಕಿದರೆ ಕೆಳಗಿನ ಗೆರೆ ಸೊನ್ನೆಯಿಂದ ಶುರುವಾಗಲಿ. 100ರಿಂದ ಶುರು ಮಾಡಿದರೆ 118ರ ಕಂಬ ಮೋಟಾಗಿ, 161ರದ್ದು ಅದರ ಮೂರು ಪಟ್ಟಿಗಿಂತ ಎತ್ತರ ಕಾಣುತ್ತದೆ. ಚಿತ್ರದ ಮೇಲೆಯೇ ಎರಡೂ ವರ್ಷ, ಮೂರು ತಿಂಗಳ ಹೆಸರು ಬರೆಯಿರಿ. ಚಿತ್ರವನ್ನು ಯಾರೋ ವಾಟ್ಸಾಪ್‌ನಲ್ಲಿ ಕಳಿಸುತ್ತಾರೆ, ಕ್ಯಾಪ್ಷನ್ ಅದರ ಜೊತೆ ಹೋಗಲ್ಲ.

ಹಾಕಿದ ಮೇಲೆ

ಕಾಮೆಂಟ್‌ನಲ್ಲಿ ಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಅವೇ. "ಯಾವ ಹೋಮ್‌ಸ್ಟೇ?" ಅಂತ ಕೇಳಿದರೆ "ಹೆಸರು ಬೇಡ ಅಂದಿದ್ದಾರೆ" ಅಂತ ಹೇಳಿ ನಿಲ್ಲಿಸಿ. ಮೆಸೇಜ್‌ನಲ್ಲಿ ಗುಟ್ಟಾಗಿ ಹೇಳಿದರೂ ಕೊಟ್ಟ ಮಾತು ಮುರಿದ ಹಾಗೆಯೇ. ಗೊತ್ತಿದ್ದವರು ಯಾರಾದರೂ ಕಾಮೆಂಟ್‌ನಲ್ಲಿ ಮನೆ ಹೆಸರು ಬರೆದರೆ ಅದನ್ನು ತೆಗೆದು, ಅಕ್ಕನಿಗೂ ತಿಳಿಸಿ. "ನಮಗೂ ಇಷ್ಟೇ ಬರುತ್ತಾ?" ಅಂದರೆ ಅವರ ಪ್ರೊಫೈಲ್ ನೋಡದೆ ಉತ್ತರ ಕೊಡಬೇಡಿ.

ಅಂಕಿಯಲ್ಲಿ ತಪ್ಪು ಅಂತ ಯಾರಾದರೂ ತೋರಿಸಿ, ಅದು ನಿಜವಾದರೆ ಕ್ಯಾಪ್ಷನ್ ತಿದ್ದಿ, ತಿದ್ದಿದ ತಾರೀಖು, ಮೊದಲು ಏನಿತ್ತು ಅಂತ ಅದರಲ್ಲೇ ಬರೆಯಿರಿ. ಇನ್‌ಸ್ಟಾಗ್ರಾಮ್‌ನಲ್ಲಿ ಕ್ಯಾಪ್ಷನ್ ತಿದ್ದಬಹುದು, ಆದರೆ ಚಿತ್ರದ ಮೇಲಿನ ಅಂಕಿ ತಿದ್ದೋಕೆ ಆಗಲ್ಲ. ಚಿತ್ರದಲ್ಲೇ ತಪ್ಪಿದ್ದರೆ ಪೋಸ್ಟ್ ತೆಗೆದು ಹೊಸದಾಗಿ ಹಾಕಬೇಕು, ಲೈಕುಗಳು ಹೋದರೂ ಸರಿ. ಮನೆಯವರು ತೆಗೆಯಿರಿ ಅಂದರೆ ಅವತ್ತೇ ತೆಗೆಯಿರಿ. ಹೈಲೈಟ್‌ನಲ್ಲಿ, ಲಿಂಕ್ಡ್‌ಇನ್‌ನಲ್ಲಿ, ಗಿರಾಕಿಗಳಿಗೆ ಕಳಿಸುವ ಪಿಡಿಎಫ್‌ನಲ್ಲಿ ಅದೇ ಲೆಕ್ಕ ಉಳಿದಿರುತ್ತದೆ. ಎಲ್ಲೆಲ್ಲಿ ಹಾಕಿದ್ದೀರಿ ಅಂತ ಒಪ್ಪಿಗೆಯ ಮೆಸೇಜ್ ಇಟ್ಟ ಫೋಲ್ಡರ್‌ನಲ್ಲೇ ಒಂದು ಪಟ್ಟಿ ಬರೆದಿಟ್ಟರೆ ಆಗ ಹುಡುಕಾಡಬೇಕಿಲ್ಲ.